ಲೆಜೆಂಡ್ ಒಂದು ಕಡೆ, ಕಂಬ ಒಂದು ಕಡೆ (ಚಾರ್ಟ್ ಸರಣಿ, ಭಾಗ 6)

ಮೊದಲನೇ ಫೋಟೋ ನೋಡಿದ್ರಾ? ನಮ್ಮ ಕಾಸ್ಟಿಂಗ್ ಪ್ರಾಜೆಕ್ಟ್‌ನ ಚಾರ್ಟ್ ಅದು. ನೋಡೋಕೆ ಚೆನ್ನಾಗೇ ಇದೆ, ಲೆಕ್ಕವೂ ಸರಿ ಇದೆ. ಆದ್ರೂ ಅದನ್ನ ನೋಡಿ ಒಬ್ಬ ಹುಡುಗ ಕೆಲಸ ಕಳ್ಕೊಳ್ಳೋದ್ರಲ್ಲಿದ್ದ. ತಪ್ಪು ನಮ್ಮದೇ, ಅದಕ್ಕೇ ಬರೀತಿದೀನಿ.

ಬಸ್ ಸ್ಟ್ಯಾಂಡ್ ಹತ್ರ ಒಂದು ಚಿಕ್ಕ ಹೋಟೆಲ್. ಒಂದು ಪ್ಲೇಟ್ ಇಡ್ಲಿ-ವಡೆಗೆ ಎಷ್ಟು ಖರ್ಚು ಬೀಳುತ್ತೆ ಅಂತ ಮೂರು ತಿಂಗಳು ಲೆಕ್ಕ ಹಾಕಿದ್ವಿ. ಕಾಸ್ಟ್ ಶೀಟ್ ಕ್ರಮ ನಿಮಗೆ ಗೊತ್ತೇ ಇದೆ, ಸಾಮಗ್ರಿ ಮೊದಲು, ಆಮೇಲೆ ಕೂಲಿ, ಆಮೇಲೆ ಉಳಿದ ಖರ್ಚು. ಅದೇ ಕ್ರಮದಲ್ಲಿ ಎಕ್ಸೆಲ್‌ಗೆ ಹಾಕಿದ್ವಿ. ಮೊದಲ ತಿಂಗಳು ಸಾಮಗ್ರಿ 13 ರೂಪಾಯಿ, ಕೂಲಿ 6, ಗ್ಯಾಸ್-ಕರೆಂಟ್ 4, ಬಾಡಿಗೆ 10. ಒಟ್ಟು 33. ಮೂರನೇ ತಿಂಗಳಿಗೆ ಒಟ್ಟು 36 ಆಯ್ತು. ಏರಿದ್ದು ಒಂದೇ, ಗ್ಯಾಸ್-ಕರೆಂಟ್. 4 ಇದ್ದದ್ದು 7. ಕೂಲಿ ಮೂರೂ ತಿಂಗಳು 6ರಲ್ಲೇ ನಿಂತಿತ್ತು.

ತಿಂಗಳಿಗೊಂದು ಕಂಬ, ಕಂಬದಲ್ಲಿ ಒಂದರ ಮೇಲೊಂದು ನಾಲ್ಕು ತುಂಡು. ಅದನ್ನೇ ಜೆರಾಕ್ಸ್ ಮಾಡಿಸಿ ಹೋಟೆಲ್ ಅಣ್ಣನ ಕೈಗೆ ಕೊಟ್ವಿ. ಅವರು ಒಂದು ನಿಮಿಷ ನೋಡಿ, "ನೋಡಮ್ಮಾ, ನಂಗೆ ಮೊದ್ಲೇ ಅನುಮಾನ ಇತ್ತು, ಕೂಲಿನೇ ಏರ್ತಾ ಇದೆ. ಆ ಹೊಸ ಹುಡುಗನ್ನ ಮುಂದಿನ ತಿಂಗಳಿಂದ ಬೇಡ ಅಂದ್ಬಿಡ್ತೀನಿ" ಅಂದ್ರು. ಹುಡುಗ ಅಲ್ಲೇ ಲೋಟ ತೊಳೀತಾ ಇದ್ದ.

ಅವರು ಹಾಗೆ ಓದಿದ್ದು ಹೇಗೆ ಗೊತ್ತಾ? ಎರಡನೇ ಫೋಟೋಗೆ ಬನ್ನಿ. ಎಕ್ಸೆಲ್ ಮೊದಲ ಸೀರೀಸನ್ನ ತಳದಲ್ಲಿ ಇಡುತ್ತೆ, ಎರಡನೇದು ಅದರ ಮೇಲೆ, ಹೀಗೆ ಇಟ್ಟಿಗೆ ಜೋಡಿಸಿದ ಹಾಗೆ. ಅಂದ್ರೆ ತಳದಲ್ಲಿ ಸಾಮಗ್ರಿ, ತುದಿಯಲ್ಲಿ ಬಾಡಿಗೆ. ಲೆಜೆಂಡ್ ಇದ್ದದ್ದು ಚಾರ್ಟ್‌ನ ಕೆಳಗೆ, ಎಡದಿಂದ ಬಲಕ್ಕೆ: ಸಾಮಗ್ರಿ, ಕೂಲಿ, ಗ್ಯಾಸ್, ಬಾಡಿಗೆ. ನಾವೆಲ್ಲ ಪುಟವನ್ನ ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ಓದೋರು. ಹಾಗಾಗಿ ಲೆಜೆಂಡ್‌ನ ಮೊದಲ ಹೆಸರನ್ನ ಮೇಲಿನ ತುಂಡಿಗೆ ಹಾಕ್ತೀವಿ. ಅಣ್ಣನೂ ಅದನ್ನೇ ಮಾಡಿದ್ರು. ಮೇಲಿನ 10 ರೂಪಾಯಿ ತುಂಡು ಅವರಿಗೆ ಸಾಮಗ್ರಿ ಆಯ್ತು, ಅದರ ಕೆಳಗಿನ ಏರ್ತಾ ಇರೋ ತುಂಡು ಕೂಲಿ ಆಯ್ತು, ತಳದ 13 ಬಾಡಿಗೆ ಆಯ್ತು. ಸಾಮಗ್ರಿ, ಬಾಡಿಗೆ ಎರಡೂ ಹತ್ತಿರ ಹತ್ತಿರ ಇದ್ದಿದ್ರಿಂದ ಅದಲು ಬದಲಾದ್ರೂ ವಿಚಿತ್ರ ಅನ್ನಿಸಲಿಲ್ಲ. ಬಾಡಿಗೆ ಪ್ಲೇಟಿಗೆ 1 ರೂಪಾಯಿ ಇದ್ದಿದ್ರೆ "ಸಾಮಗ್ರಿ ಒಂದೇ ರೂಪಾಯಿನಾ?" ಅಂತ ಅವರೇ ನಮ್ಮನ್ನ ಹಿಡೀತಿದ್ರು. ಇಂಥ ತಪ್ಪು ನಂಬೋ ಹಾಗಿದ್ದಾಗಲೇ ಅಪಾಯ.

"ಬಣ್ಣ ನೋಡಿ ಹೊಂದಿಸ್ಕೊಬೇಕಿತ್ತು" ಅಂತ ನಮ್ಮ ಗ್ರೂಪ್‌ನವನೊಬ್ಬ ವಾದ ಮಾಡಿದ. ನಾನು ಒಪ್ಪಲ್ಲ. ನಮ್ಮ ಲ್ಯಾಬ್‌ನ ಎಕ್ಸೆಲ್‌ನಲ್ಲಿ ತಾನಾಗೇ ಬರೋ ಬಣ್ಣ ನೀಲಿ, ಕಿತ್ತಳೆ, ಬೂದು, ಹಳದಿ. ಜೆರಾಕ್ಸ್‌ನಲ್ಲಿ ಕಿತ್ತಳೆಯೂ ಬೂದೇ, ಬೂದೂ ಬೂದೇ. ನಮ್ಮ ಚಾರ್ಟ್‌ನಲ್ಲಿ ಕಿತ್ತಳೆ ಕೂಲಿ, ಬೂದು ಗ್ಯಾಸ್. ಯಾವ ಎರಡನ್ನ ಬೇರೆ ಮಾಡಿ ತೋರಿಸ್ಬೇಕಿತ್ತೋ ಅವೆರಡೇ ಒಂದಾಗಿ ಹೋದ್ವು. ಮೂರನೇ ಫೋಟೋ ಆ ಜೆರಾಕ್ಸೇ, ನೀವೇ ಹೇಳಿ ಯಾವುದು ಯಾವುದು ಅಂತ. ಬಣ್ಣ ಹೋದ್ಮೇಲೆ ಓದೋರ ಹತ್ರ ಉಳಿಯೋದು ಕ್ರಮ ಒಂದೇ, ಆ ಕ್ರಮವನ್ನ ನಾವು ತಲೆಕೆಳಗೆ ಕೊಟ್ಟಿದ್ವಿ. ಕೆಂಪು-ಹಸಿರು ಬೇರೆ ಬೇರೆ ಕಾಣದೇ ಇರೋರು ಎಷ್ಟೋ ಕ್ಲಾಸಲ್ಲಿ ಇರ್ತಾರೆ, ಕೆಂಪು-ಹಸಿರು ಬಳಸಿದ ಚಾರ್ಟ್ ಆದ್ರೆ ಅವರಿಗೆ ಕಲರ್ ಪ್ರಿಂಟ್ ಕೊಟ್ರೂ ಇದೇ ಪಾಡು.

ಸರಿ ಮಾಡೋದು ಹೇಗೆ? ನಾವು ಮೊದಲು ಮಾಡಿದ ಪ್ರಯತ್ನ ದಂಡ. ಚಾರ್ಟ್ ಮೇಲೆ ರೈಟ್ ಕ್ಲಿಕ್, Select Data, ಅಲ್ಲಿರೋ ಮೇಲೆ-ಕೆಳಗೆ ಬಾಣ ಒತ್ತಿ ಸೀರೀಸ್ ಕ್ರಮ ಬದಲಾಯಿಸಿದ್ವಿ. ಲೆಜೆಂಡ್ ತಿರುಗಿತು, ಜೊತೆಗೆ ಕಂಬವೂ ತಿರುಗಿತು! ಎರಡೂ ಒಂದೇ ದಾರಕ್ಕೆ ಕಟ್ಟಿವೆ. ಲೆಜೆಂಡ್‌ನ ಮಾತ್ರ ಬೇರೆ ಕ್ರಮದಲ್ಲಿ ಜೋಡಿಸೋ ಬಟನ್ ಎಕ್ಸೆಲ್‌ನಲ್ಲಿ ಇಲ್ಲ.

ಕೆಲಸ ಮಾಡಿದ್ದು ಇದು. ಲೆಜೆಂಡ್ ಮೇಲೆ ರೈಟ್ ಕ್ಲಿಕ್ ಮಾಡಿ Format Legend ತೆಗೀರಿ, Legend Position ಅಲ್ಲಿ Right ಆರಿಸಿ. ಲೆಜೆಂಡ್ ಬಲಕ್ಕೆ ಹೋಗಿ ಉದ್ದಕ್ಕೆ ನಿಂತಾಗ, ಸ್ಟ್ಯಾಕ್ಡ್ ಕಾಲಂ ಚಾರ್ಟ್‌ಗೆ ಎಕ್ಸೆಲ್ ತಾನೇ ಹೆಸರುಗಳನ್ನ ತಿರುಗಿಸಿ ಬರೆಯುತ್ತೆ. ಮೇಲೆ ಬಾಡಿಗೆ, ಕೆಳಗೆ ಸಾಮಗ್ರಿ, ಕಂಬದಲ್ಲಿ ಇರೋ ಹಾಗೇ. ಅಂದ್ರೆ ಅದಕ್ಕೆ ಈ ಸಮಸ್ಯೆ ಗೊತ್ತು. ಆದ್ರೆ 2013ರ ಆವೃತ್ತಿಯಿಂದ ತಾನಾಗೇ ಬರೋ ಲೆಜೆಂಡ್ ಕೆಳಗೆ ಕೂರುತ್ತೆ, ಅಲ್ಲಿ ಈ ಉಪಕಾರ ಸಿಗಲ್ಲ. ಹಳೇ ಲ್ಯಾಬ್ ಕಂಪ್ಯೂಟರಿನ ಎಕ್ಸೆಲ್ 2007ರಲ್ಲಿ ಲೆಜೆಂಡ್ ತಾನಾಗೇ ಬಲಕ್ಕೆ ಬರ್ತಿತ್ತು, ಅದೇ ವಾಸಿ ಅನ್ಸುತ್ತೆ ನಂಗೆ.

ಪೈಥಾನ್ ಸರ್ಟಿಫಿಕೇಟ್ ಕೋರ್ಸ್ ಮಾಡ್ತಿರೋರಿಗೆ ಒಂದು ಮಾತು. matplotlib ಅಲ್ಲಿ ಲೆಜೆಂಡ್ ನೀವು ತುಂಡು ಹಾಕಿದ ಕ್ರಮದಲ್ಲೇ ಮೇಲಿಂದ ಕೆಳಗೆ ಬರುತ್ತೆ, ಅಂದ್ರೆ ಕಂಬಕ್ಕೆ ಉಲ್ಟಾ. 3.7ರಿಂದ ಈಚೆಗೆ ಇಷ್ಟು ಬರೆದ್ರೆ ಸಾಕು:

```
ax.legend(reverse=True)
```

ಆರ್ ಭಾಷೆಯ ggplot2 ಮಾಡಿದೋರು 2016ರಲ್ಲಿ, 2.2.0 ಆವೃತ್ತಿಯಲ್ಲಿ, ಲೆಜೆಂಡ್‌ನ ಮುಟ್ಟದೇ ಕಂಬ ಜೋಡಿಸೋ ಕ್ರಮವನ್ನೇ ತಿರುಗಿಸಿ ಲೆಜೆಂಡ್‌ಗೆ ಹೊಂದಿಸಿದ್ರು. ಹಳೇ ಚಾರ್ಟೆಲ್ಲ ಬೇರೆ ಥರ ಬರುತ್ತೆ ಅಂತ ಗೊತ್ತಿದ್ದೂ. ಓದೋರು ಹೊಂದಿಸ್ಕೊಳ್ಳಲಿ ಬಿಡು ಅಂತ ಅವರು ಅನ್ನಲಿಲ್ಲ.

ಬಲಕ್ಕೆ ಹಾಕೋದೂ ಎಲ್ಲಾ ಕಡೆ ನಡೆಯಲ್ಲ. ಲಾಭ-ನಷ್ಟ ಎರಡೂ ಇರೋ ಚಾರ್ಟ್ ಮಾಡಿ ನೋಡಿ. ಮೈನಸ್ ಸಂಖ್ಯೆಗಳು ಸೊನ್ನೆ ಗೆರೆಯಿಂದ ಕೆಳಕ್ಕೆ ಜೋಡಿಸ್ಕೊಂಡು ಹೋಗ್ತವೆ, ಮೊದಲ ಸೀರೀಸ್ ಗೆರೆಗೆ ಹತ್ತಿರ, ಕೊನೇದು ತಳದಲ್ಲಿ. ಗೆರೆ ಮೇಲೆ ಒಂದು ಕ್ರಮ, ಕೆಳಗೆ ಅದರ ಉಲ್ಟಾ. ಯಾವ ಲೆಜೆಂಡ್ ಎರಡಕ್ಕೂ ಹೊಂದುತ್ತೆ?

ಅದಕ್ಕೇ ನಾನು ಈಗ ಲೆಜೆಂಡ್‌ನ ಡಿಲೀಟ್ ಮಾಡಿಬಿಡ್ತೀನಿ. ಕೊನೇ ಕಂಬದ ಒಂದು ತುಂಡನ್ನ ಒಂದು ಸಲ ಕ್ಲಿಕ್ ಮಾಡಿದ್ರೆ ಇಡೀ ಸೀರೀಸ್ ಆಯ್ಕೆ ಆಗುತ್ತೆ, ಇನ್ನೊಂದು ಸಲ ಒತ್ತಿದ್ರೆ ಆ ತುಂಡು ಮಾತ್ರ. ಆಗ ರೈಟ್ ಕ್ಲಿಕ್, Add Data Label, ಆಮೇಲೆ Format Data Label ಅಲ್ಲಿ Value ತೆಗೆದು Series Name ಟಿಕ್ ಮಾಡಿ. ನಾಲ್ಕು ತುಂಡಿಗೆ ನಾಲ್ಕು ಸಲ, ಐದು ನಿಮಿಷದ ಕೆಲಸ. ಹೆಸರು ತುಂಡಿನ ಮೇಲೇ ಕೂತ್ಮೇಲೆ ಜೆರಾಕ್ಸ್ ಮಾಡಿ, ಜೆರಾಕ್ಸಿನ ಜೆರಾಕ್ಸ್ ಮಾಡಿ, ಅದಲು ಬದಲಾಗಲ್ಲ. ತುಂಡು ತೀರಾ ತೆಳ್ಳಗಿದ್ರೆ ಹೆಸರು ಹಿಡಿಯಲ್ಲ ಅನ್ನೋದು ನಿಜ. ಅಂಥವು ಮೂರ್ನಾಲ್ಕು ಇದ್ರೆ "ಇತರೆ" ಅಂತ ಒಂದು ಮಾಡಿಬಿಡಿ, ಅಷ್ಟು ತೆಳ್ಳಗಿನ ತುಂಡನ್ನ ಹೇಗಿದ್ರೂ ಯಾರೂ ಅಳೆಯಲ್ಲ.

ಹೊಸ ಚಾರ್ಟ್ ತಗೊಂಡು ಮಾರನೇ ದಿನ ಹೋಗಿದ್ವಿ. ಅಣ್ಣ ಮೂರು ಕಂಬದ ಮೇಲೂ ಬೆರಳಾಡಿಸಿ, "ಇದು ಗ್ಯಾಸಾ?" ಅಂದ್ರು. ಸಾಯಂಕಾಲದ ಹೊತ್ತು ಶುರು ಮಾಡಿದಾಗಿಂದ ಗಿರಾಕಿ ಇರಲಿ ಇಲ್ಲದೇ ಇರಲಿ ದೊಡ್ಡ ಒಲೆ ಉರೀತಾನೇ ಇತ್ತಂತೆ. ಹುಡುಗ ಬಂದ್ಮೇಲೆ ಸಂಬಳ ಜಾಸ್ತಿ ಆಗಿದ್ದು ನಿಜ, ಪ್ಲೇಟೂ ಅಷ್ಟೇ ಜಾಸ್ತಿ ಹೋಗ್ತಿದ್ವು, ಅದಕ್ಕೇ ಪ್ಲೇಟಿಗೆ ಕೂಲಿ 6ರಲ್ಲೇ ಇತ್ತು. ಅವತ್ತು ನಮಗೆ ಕಾಫಿ ತಂದುಕೊಟ್ಟಿದ್ದು ಅದೇ ಹುಡುಗ. ನಿಮ್ಮ ಪ್ರಾಜೆಕ್ಟ್ ಸಬ್ಮಿಷನ್ ಇನ್ನೂ ಆಗಿಲ್ಲ ಅಂದ್ರೆ ಫೈಲ್ ತೆಗೆದು ಕಂಬದ ತುದಿಯ ತುಂಡು ಯಾವುದು, ಲೆಜೆಂಡ್‌ನ ಮೊದಲ ಹೆಸರು ಯಾವುದು ಅಂತ ಒಂದ್ಸಲ ನೋಡ್ಕೊಳ್ಳಿ.