ಐದನೆಯ ಲೋಟ ಎಲ್ಲಿ ಹಾಕೂಣು?

2024ರ ಸೆಪ್ಟೆಂಬರಿನಲ್ಲಿ ಇದೇ ಅಂಕಣದಲ್ಲಿ ತುಂಗಭದ್ರಾ ಜಲಾಶಯದ ಹೂಳಿನ ಬಗ್ಗೆ ಒಂದು ಲೇಖನ ಬರೆದಿದ್ದೆ. ನನ್ನ ಬರಹಗಳಲ್ಲಿ ಅದಕ್ಕೆ ಸಿಕ್ಕಷ್ಟು ಓದುಗರು ಬೇರೆ ಯಾವುದಕ್ಕೂ ಸಿಕ್ಕಿಲ್ಲ. ನವಲಿಯ ಚಹಾದಂಗಡಿಯಲ್ಲಿ ಅದರ ಝೆರಾಕ್ಸ್ ಪ್ರತಿ ಗೋಡೆಗೆ ಅಂಟಿತ್ತು. ಹೀಗಿರುವಾಗ ಒಂದು ದಿನ ಹತ್ತನೆಯ ತರಗತಿಯ ಮೂವರು ವಿದ್ಯಾರ್ಥಿಗಳು ಬಂದು, "ಸರ, ಇದನ್ನ ಮೊಬೈಲ್‌ನ್ಯಾಗ ಸಣ್ಣ ಸಣ್ಣ ವಿಡಿಯೋ ಮಾಡೂಣ್ರಿ. ಇಷ್ಟುದ್ದ ಯಾರು ಓದ್ತಾರ್ರಿ?" ಎಂದರು. ಓದುವವರು ಇದ್ದಾರಲ್ಲ ಎಂದು ಚಹಾದಂಗಡಿಯ ಗೋಡೆಯನ್ನು ತೋರಿಸಬೇಕೆನ್ನಿಸಿತು. ಆದರೆ ಓದಲು ಬಾರದ ಎಷ್ಟೋ ಹಿರಿಯರು ಅದೇ ಅಂಗಡಿಯಲ್ಲಿ ಕೂತು ಮೊಬೈಲು ನೋಡುತ್ತಿರುತ್ತಾರೆ ಎಂಬುದೂ ನೆನಪಾಗಿ ಒಪ್ಪಿಕೊಂಡೆ.

ಮೊದಲು ಮಾಡಿದ್ದು ಶುದ್ಧ ದಡ್ಡತನ. ಒಬ್ಬ ಹುಡುಗ ಮೊಬೈಲಿನ ಮುಂದೆ ನಿಂತು ಲೇಖನವನ್ನು ಓದತೊಡಗಿದ. ಸುಮಾರು 1,100 ಪದಗಳ ಲೇಖನಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಅದನ್ನೇ ಒಂದೊಂದು ನಿಮಿಷದ ಹನ್ನೊಂದು ತುಂಡು ಮಾಡಿದರಾಯಿತೆಂದು ಕತ್ತರಿಸಿದೆವು. ಮೂರನೆಯ ತುಂಡು "ಆದ್ದರಿಂದ" ಎಂದು ಶುರುವಾಯಿತು, ಐದನೆಯದು "ಮೇಲೆ ಹೇಳಿದಂತೆ" ಎಂದು. ಯಾವುದರಿಂದ, ಎಲ್ಲಿ ಮೇಲೆ? ಮೊಬೈಲಿನಲ್ಲಿ ಐದನೆಯ ತುಂಡು ಮೊದಲು ಕಣ್ಣಿಗೆ ಬೀಳಬಹುದು, ಉಳಿದವು ಬೀಳದೆಯೇ ಹೋಗಬಹುದು. ಕಾಗದದ ಮೇಲೆ ಮೇಲಿನ ಸಾಲು ಯಾವಾಗಲೂ ಮೇಲೆಯೇ ಇರುತ್ತದೆ. ಅಲ್ಲಿ ಆ ಭರವಸೆ ಇಲ್ಲ.

ಆಮೇಲೆ ಕತ್ತರಿ ಬಿಟ್ಟು ಚೀಟಿ ಹಿಡಿದೆವು. ಲೇಖನದಲ್ಲಿ ನಾನು ಹೇಳಿದ ಒಂದೊಂದು ಸಂಗತಿಯನ್ನೂ ಒಂದೊಂದು ಚೀಟಿಯಲ್ಲಿ ಬರೆದಾಗ 23 ಚೀಟಿಗಳಾದವು. ಪ್ರತಿ ಚೀಟಿಯೂ ಯಾವ ಪ್ರಶ್ನೆಗೆ ಉತ್ತರವೆಂದು ಕೇಳುತ್ತ ಗುಂಪು ಮಾಡಿದೆವು. ಹೂಳು ಎಲ್ಲಿಂದ ಬರುತ್ತದೆ? ಜಲಾಶಯಕ್ಕೆ ಬಂದ ಮೇಲೆ ಯಾಕೆ ಕೂಡುತ್ತದೆ? ಎಷ್ಟು ಕೂತಿದೆ? ತೆಗೆದು ಹಾಕಲು ಯಾಕೆ ಆಗುವುದಿಲ್ಲ? ನವಲಿಯ ಹತ್ತಿರ ಇನ್ನೊಂದು ಜಲಾಶಯ ಯಾಕೆ ಬೇಕೆನ್ನುತ್ತಾರೆ? ಹೀಗೆ ಐದು ಪ್ರಶ್ನೆ, ಐದು ವಿಡಿಯೋ. ಲೇಖನದ ಕ್ರಮಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಮೂರನೆಯ ಪ್ರಶ್ನೆಯ ಚೀಟಿಗಳು ಲೇಖನದ ನಾಲ್ಕು ಪುಟ್ಟ ಮೂಲೆಗಳಿಂದ ಬಂದಿದ್ದವು.

ಯಾವ ಪ್ರಶ್ನೆಗೂ ಸೇರದ ಎರಡು ಚೀಟಿ ಉಳಿದವು. ಅವು ಲೇಖನದ ಆರಂಭದವು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದ ಸುದ್ದಿಯಿಂದ ನಾನು ಲೇಖನ ಶುರು ಮಾಡಿದ್ದೆ. ಹುಡುಗರಿಗೆ ಅದನ್ನೇ ಮೊದಲ ವಿಡಿಯೋ ಮಾಡುವ ಆಸೆ. ಎಲ್ಲರೂ ನೋಡುತ್ತಾರೆ ಎಂಬುದು ನಿಜವೇ. ಆದರೆ ಹೂಳಿನ ಸರಣಿಯ ನಡುವೆ ಗೇಟು ಕಂಡರೆ ಹೂಳಿನಿಂದಲೇ ಗೇಟು ಮುರಿಯಿತೆಂದು ನೋಡುಗರು ತಿಳಿಯುತ್ತಾರೆ. ಲೇಖನದಲ್ಲಿ ಮುಂದಿನ ವಾಕ್ಯದಲ್ಲೇ ಅದನ್ನು ಬಿಡಿಸಿ ಹೇಳಿದ್ದೆ. ಒಂದು ನಿಮಿಷದಲ್ಲಿ ಗೇಟನ್ನೂ ಹೇಳಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದೂ ಹೇಳಿ, ಹೂಳನ್ನೂ ಹೇಳುವುದು ಆಗುವ ಕೆಲಸವಲ್ಲ. ಆ ಚೀಟಿಗಳನ್ನು ಬದಿಗಿಟ್ಟೆವು. ಹುಡುಗರು ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದರು.

ಇನ್ನು ಅಳತೆ. ಒಂದು ನಿಮಿಷದಲ್ಲಿ ನಾವು ಎಷ್ಟು ಪದ ಮಾತಾಡುತ್ತೇವೆ? ಗಡಿಯಾರ ಹಿಡಿದು ಮೂವರಿಂದಲೂ ಓದಿಸಿದಾಗ ನೂರರ ಆಸುಪಾಸು ಬಂತು. ಇಂಗ್ಲಿಷಿನಲ್ಲಿ ಇದಕ್ಕಿಂತ ಹೆಚ್ಚು ಪದ ಹಿಡಿಯುತ್ತವೆ. ನಮ್ಮ ಪದಗಳು ಪ್ರತ್ಯಯ ಕಟ್ಟಿಕೊಂಡು ಉದ್ದವಾಗಿರುವುದರಿಂದ ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಏನನ್ನಾದರೂ ಕೈಯಲ್ಲಿ ಮಾಡಿ ತೋರಿಸುವಾಗ ಮಾತು ನಿಲ್ಲಿಸಬೇಕು. ಆಗ 60–70 ಪದ ಸಾಕು. ಯೂಟ್ಯೂಬಿನ ಶಾರ್ಟ್ಸ್‌ಗೆ 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೆ ಅವಕಾಶವಿದೆ. ಅವಕಾಶವಿದೆಯೆಂದು ತುಂಬಿಸಬೇಕಾಗಿಲ್ಲವೆಂದು ನಾವು ಒಂದು ನಿಮಿಷಕ್ಕೇ ನಿಂತೆವು.

"ಎಷ್ಟು ಕೂತಿದೆ?" ಎಂಬ ವಿಡಿಯೋವನ್ನು ಮಾಡಿದ ಬಗೆಯನ್ನು ವಿವರವಾಗಿ ಹೇಳುತ್ತೇನೆ. ಲೇಖನದಲ್ಲಿ ನಾನು ಬರೆದದ್ದು ಹೀಗೆ: ಜಲಾಶಯಕ್ಕೆ ಮೊದಲು ಸುಮಾರು 133 ಟಿ.ಎಂ.ಸಿ. ಅಡಿ ನೀರು ಹಿಡಿಯುವ ಸಾಮರ್ಥ್ಯವಿದ್ದು, ಹೂಳು ಸಂಗ್ರಹವಾದ ಪರಿಣಾಮ ಅದು ಸುಮಾರು 105.8 ಟಿ.ಎಂ.ಸಿ.ಗೆ ಇಳಿದಿರುತ್ತದೆ. ಕಣ್ಣಿಗೆ ಇದು ಸರಿ. ಕಿವಿಗೆ ಎರಡು ಅಂಕಿ ಬಿದ್ದವು, ಹೋದವು. ಅಂಕಿಗಳ ಒಳಗಿನ ಅನುಪಾತ ಹುಡುಕಿದೆವು. ಹೋದದ್ದು 27, ಇದ್ದದ್ದು 133; ಅಂದರೆ ಐದರಲ್ಲಿ ಒಂದು ಪಾಲು. ಐದರಲ್ಲಿ ಒಂದನ್ನು ಕೈಯಲ್ಲಿ ಹಿಡಿದು ತೋರಿಸಬಹುದು.

ಒಂದು ಲೀಟರಿನ, ನೆಟ್ಟಗಿನ ಗೋಡೆಯ ಗಾಜಿನ ಬರಣಿ ತಂದು 200 ಮಿಲಿಲೀಟರಿಗೆ ಒಂದರಂತೆ ಐದು ಗೆರೆ ಎಳೆದೆವು. ಒಂದನೆಯ ಗೆರೆಯವರೆಗೆ ಒಣ ಮರಳು ಹಾಕಿ ಅದೇ ಅಳತೆಯ ನಾಲ್ಕು ಲೋಟ ನೀರು ಸುರಿದೆವು. ಐದನೆಯ ಗೆರೆ ಮುಟ್ಟಬೇಕಾಗಿತ್ತು, ಮುಟ್ಟಲಿಲ್ಲ. ಇನ್ನೂ 70 ಮಿಲಿಲೀಟರಿನಷ್ಟು ಜಾಗ ಉಳಿಯಿತು. ಮರಳಿನ ಕಣಗಳ ಸಂದಿಯಲ್ಲಿ ನೀರು ಇಳಿದುಬಿಟ್ಟಿತ್ತು! ಹೂಳಿನ ಸಂದಿಯಲ್ಲೂ ನೀರಿರುತ್ತದೆ, ಆದರೆ ಅದು ಕಾಲುವೆಗೆ ಹರಿದು ಬರುವ ನೀರಲ್ಲ. ಆದ್ದರಿಂದ ಕೆರೆಮಣ್ಣು ಸೇರಿಸಿದ ಮರಳನ್ನು ಮೊದಲೇ ಪೂರ್ತಿ ನೆನೆಸಿ, ನೀರು ಅದರ ಮಟ್ಟಕ್ಕೆ ನಿಂತ ಮೇಲೆ ಬಾಕಿ ನಾಲ್ಕು ಲೋಟವನ್ನು ಚಮಚದ ಬೆನ್ನ ಮೇಲೆ ಮೆಲ್ಲಗೆ ಇಳಿಸಿದೆವು. ಈ ಸಲ ಗೆರೆಗೆ ಸರಿಯಾಗಿ ಬಂತು. ಲೇಖನದಲ್ಲಿ ಇಂಥ ಪರೀಕ್ಷೆ ಬೇಕಿರಲಿಲ್ಲ, ಬರೆದರೆ ಮುಗಿಯಿತು. ಚಿತ್ರದಲ್ಲಿ ಮಾಡಿ ತೋರಿಸುವುದು ತಪ್ಪಾದರೆ ನೋಡುವವರ ಕಣ್ಣೇ ಹಿಡಿದುಬಿಡುತ್ತದೆ.

ಸ್ಕ್ರಿಪ್ಟನ್ನು ಎರಡು ಅಂಕಣ ಮಾಡಿ ಬರೆದೆವು: ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಇಲ್ಲಿ ಒಂದರ ಕೆಳಗೊಂದು ಕೊಡುತ್ತೇನೆ.

ಚಿತ್ರ: ತುಂಬಿದ ಬರಣಿ. ಒಂದು ಲೋಟ ನೀರು ಸುರಿದೊಡನೆ ಹೊರಗೆ ಚೆಲ್ಲುತ್ತದೆ.
ಮಾತು: "ಈ ಐದನೇ ಲೋಟ ಎಲ್ಲಿ ಹಾಕೂಣು? ಒಳಗ ಜಾಗಾನ ಇಲ್ಲ."

ಚಿತ್ರ: ಅದೇ ಬರಣಿ ಖಾಲಿ, ಐದು ಗೆರೆ ಕಾಣುವಂತೆ.
ಮಾತು: "ಇದು ತುಂಗಭದ್ರಾ ಡ್ಯಾಮ್ ಅಂತ ತಿಳ್ಕೊಳ್ರಿ. ಕಟ್ಟಿದಾಗ ಐದು ಲೋಟ ನೀರು ಹಿಡೀತಿತ್ತು."

ಚಿತ್ರ: ಒಂದನೆಯ ಗೆರೆಯವರೆಗೆ ಹಸಿ ಮಣ್ಣು ಬೀಳುತ್ತದೆ.
ಮಾತು: "1953ರಿಂದ ಹೊಳಿ ನೀರಿನ ಜೋಡಿ ಮಣ್ಣೂ ಬಂತು. ನೀರು ಮುಂದ ಹೋತು, ಮಣ್ಣು ಇಲ್ಲೇ ಕುಂತಿತು."

ಚಿತ್ರ: ನಾಲ್ಕು ಲೋಟ ನೀರು, ಮಾತಿಲ್ಲದೆ. ಕೊನೆಗೆ ನಡುವೆ ಅಕ್ಷರ: 133 ಇದ್ದದ್ದು 105.8 ಟಿ.ಎಂ.ಸಿ.

ಮೊದಲ ಕರಡಿನಲ್ಲಿ ಖಾಲಿ ಬರಣಿಯೇ ಮೊದಲಿತ್ತು, ಚೆಲ್ಲುವುದು ಕೊನೆಗೆ. ಲೇಖನಕ್ಕೆ ಅದೇ ಸರಿಯಾದ ಕ್ರಮ: ಓದುಗ ಮೊದಲ ಪ್ಯಾರಾದಲ್ಲಿ ಸ್ವಲ್ಪ ಕಾಯುತ್ತಾನೆ. ಹೆಬ್ಬೆರಳಿನಿಂದ ತಳ್ಳುತ್ತ ಹೋಗುವವನು ಎರಡು ಮೂರು ಸೆಕೆಂಡು ಸಹ ಕಾಯುವುದಿಲ್ಲ. ಅದಕ್ಕೇ ಚೆಲ್ಲುವುದನ್ನು ಮುಂದಕ್ಕೆ ತಂದೆವು, "ಎಲ್ಲರಿಗೂ ನಮಸ್ಕಾರ, ನಾವು ಇಂಥ ಶಾಲೆಯ..." ಎಂಬುದನ್ನು ಪೂರ್ತಿ ತೆಗೆದೆವು. ಅಕ್ಷರಗಳನ್ನು ತೆರೆಯ ಕೆಳಗೆ ಹಾಕದೆ ನಡುವೆ ಹಾಕಿದ್ದಕ್ಕೂ ಕಾರಣವಿದೆ. ಕೆಳಭಾಗವನ್ನು ಆ್ಯಪಿನ ಹೆಸರು, ಗುಂಡಿಗಳೇ ಮುಚ್ಚಿಬಿಡುತ್ತವೆ.

ಇಲ್ಲಿಯವರೆಗೆ ಎಲ್ಲವೂ ಸುಸೂತ್ರ. ಐದನೆಯ ವಿಡಿಯೋದಲ್ಲಿ ನಾನು ಎಡವಿದೆ.

ಪ್ರವಾಹದ ಕಾಲದಲ್ಲಿ ಅಣೆಕಟ್ಟಿನಿಂದ ಹರಿದುಹೋಗುವ ನೀರನ್ನು ಕಾಲುವೆಯಿಂದ ತಂದು ನವಲಿಯ ಹತ್ತಿರ ಸಮಾನಾಂತರ ಜಲಾಶಯದಲ್ಲಿ ನಿಲ್ಲಿಸಬೇಕೆಂಬುದು ಪ್ರಸ್ತಾಪ. ಲೇಖನದಲ್ಲಿ ಅದಕ್ಕೆ ಒಂದು ಪ್ಯಾರಾ, ಅದರ ಬೆನ್ನಿಗೇ ಮೂರು "ಆದರೆ"ಗಳು: ಇದು ಇನ್ನೂ ಪ್ರಸ್ತಾಪ; ನೀರು ಆಂಧ್ರ, ತೆಲಂಗಾಣಗಳೊಡನೆ ಹಂಚಿಕೊಂಡದ್ದರಿಂದ ಅವರ ಒಪ್ಪಿಗೆ ಬೇಕು; ಯಾವ ಜಮೀನಿನಲ್ಲಿ ನೀರು ನಿಲ್ಲುತ್ತದೆಂದು ನಾನು ಹೇಳಲಾರೆ. ವಿಡಿಯೋ ಒಂದು ನಿಮಿಷ ಹನ್ನೆರಡು ಸೆಕೆಂಡು ಬಂದಾಗ ಹುಡುಗರು ಏನು ತೆಗೆಯೋಣವೆಂದು ಕೇಳಿದರು. ಕೊನೆಯ ಸಾಲುಗಳನ್ನು ತೆಗೆಯಿರಿ ಎಂದೆ. ಆ ಮೂರು "ಆದರೆ"ಗಳು ಹೋದವು. ಉಳಿದದ್ದು "ನವಲಿ ಹತ್ರ ನೀರು ನಿಲ್ಲಿಸ್ತಾರ".

ವಾರದೊಳಗೆ ಒಬ್ಬ ರೈತರು ಶಾಲೆಯ ಗೇಟಿನ ಹತ್ತಿರ ಕಾದು ನಿಂತಿದ್ದರು. ನಾಲ್ಕು ಎಕರೆಯವರು, ಮಗಳು ನಮ್ಮಲ್ಲೇ ಎಂಟನೆಯ ತರಗತಿ. "ಸರ್ರ, ನಮ್ಮ ಹೊಲ ಮುಳುಗತೈತೇನ್ರಿ? ಬೋರ್ ಹಾಕಿಸೂದಿತ್ತು. ನೀವಽ ಹೇಳೀರಂತ, ಬಿಟ್ಟೀನ್ರಿ" ಎಂದರು. ಅವರ ಮೊಬೈಲಿನಲ್ಲಿ ಆ ವಿಡಿಯೋ ಒಂದೇ ಇತ್ತು. ಉಳಿದ ನಾಲ್ಕು ಬಂದಿರಲಿಲ್ಲ. ಮೇಲೆ ತಾರೀಖಿಲ್ಲ, ಕೆಳಗೆ ಲೇಖನದ ಹೆಸರಿಲ್ಲ. ಪತ್ರಿಕೆಯ ತುದಿಯಲ್ಲಿ ತಾರೀಖು ಅಚ್ಚಾಗಿರುತ್ತದೆ ಎಂಬುದನ್ನು ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ.

ಅವರನ್ನು ಕೂರಿಸಿ ಲೇಖನದ ಆ ಪ್ಯಾರಾವನ್ನು ಓದಿ ಹೇಳಿದೆ. ಸಂಜೆ ಹುಡುಗರನ್ನು ಕರೆದು ವಿಡಿಯೋ ತೆಗೆಸಿ ಹಾಕಿದೆ. ಆದರೆ ಒಬ್ಬರಿಂದೊಬ್ಬರಿಗೆ ಹೋದ ಪ್ರತಿಗಳು ನಮ್ಮ ಕೈಗೆ ಸಿಗುವಂಥವಲ್ಲ. ಹೊಸ ಸ್ಕ್ರಿಪ್ಟಿನಲ್ಲಿ ಷರತ್ತನ್ನು ಕೊನೆಗಿಡದೆ ಮೊದಲ ವಾಕ್ಯದೊಳಗೇ ಹೆಣೆದೆವು: "ನವಲಿ ಹತ್ರ ಇನ್ನೊಂದು ಡ್ಯಾಮ್ ಕಟ್ಟಬೇಕಂತ ಕೇಳ್ಯಾರ, ಇನ್ನೂ ಕಟ್ಟಿಲ್ಲ, ಎಲ್ಲಿ ನೀರು ನಿಂದರ್ತೈತಿ ಅಂತ ನಮಗ ಗೊತ್ತಿಲ್ಲ." ಇದನ್ನು ಎಲ್ಲಿ ಕತ್ತರಿಸಿದರೂ "ಕಟ್ಟಿಲ್ಲ" ಉಳಿಯುತ್ತದೆ. ಮಾತು ಮುಗಿಯುವವರೆಗೂ ತೆರೆಯ ಮೂಲೆಯಲ್ಲಿ "2024 ನವೆಂಬರ್‌ನಲ್ಲಿ ಹೇಳಿದ್ದು" ಎಂಬ ಅಕ್ಷರ ನಿಲ್ಲಿಸಿದೆವು. ಜಾಗ ಮಾಡಲು ಕಾಲುವೆಯ ವಿವರಣೆ ತೆಗೆದೆವು. ಆ ವಿಡಿಯೋ ಮೊದಲಿನಷ್ಟು ಚುರುಕಾಗಿಲ್ಲ, ನೋಡಿದವರೂ ಕಡಿಮೆ.

ಉಳಿದ ನಾಲ್ಕನ್ನೂ ತೆಗೆದು ಮತ್ತೆ ನೋಡಿದೆವು. ಪ್ರತಿಯೊಂದನ್ನೂ ಲೇಖನ ಓದದ, ಬೇರೆ ವಿಡಿಯೋ ನೋಡದ ಒಬ್ಬರಿಗೆ ತೋರಿಸಿ, ಏನು ತಿಳಿಯಿತೆಂದು ಅವರ ಬಾಯಿಂದಲೇ ಹೇಳಿಸಿದೆವು. ಹೂಳು ತೆಗೆಯುವುದರ ಬಗೆಗಿನ ನಾಲ್ಕನೆಯದನ್ನು ನೋಡಿದ ನಮ್ಮ ಅಡುಗೆಯ ಅಕ್ಕ, "ಯಾರೂ ತಗಿಯೂದಿಲ್ಲಂತ" ಎಂದರು. ನಾವು ಹೇಳಿದ್ದು, ಅಷ್ಟು ಮಣ್ಣನ್ನು ಹಾಕಲು ಜಾಗವಿಲ್ಲವೆಂದು. ಅದರ ಸ್ಕ್ರಿಪ್ಟು ಈಗ ಮೂರನೆಯ ಸಲ ತಿದ್ದುಪಡಿಯಲ್ಲಿದೆ.