ತೆಪ್ಪ ಸುಡೋದಿಲ್ಲ, ಎಂಜಿನ್ ದೋಣಿ ಸುಡುತ್ತೆ!

ಕಿಕ್ಕೇರಿ ಕೆರೆಯಲ್ಲಿ ತೆಪ್ಪ ಹಾಕುವವನಿಗೆ ಮುಳುಗುವ ಭಯವಿದೆ, ಸುಡುವ ಭಯವಿಲ್ಲ. ಆದರೆ ಧರ್ಮಸ್ಥಳಕ್ಕೆ ಹೋದ ನಮ್ಮೂರ ಜನ ಹಾಗೇ ಮಲ್ಪೆಗೂ ಹೋಗಿ ಎಂಜಿನ್ ದೋಣಿ ಹತ್ತುತ್ತಾರೆ. ಆ ದೋಣಿಯಲ್ಲಿ ಎಣ್ಣೆ ಇದೆ, ಬಿಸಿ ಇದೆ, ಓಡಿಹೋಗಲು ನೆಲವಿಲ್ಲ.

2023ರ ನವೆಂಬರ್ 13ರಂದು, ದೀಪಾವಳಿ ಸಮಯದಲ್ಲಿ, ಉಡುಪಿ ಜಿಲ್ಲೆಯ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಹಲವು ಮೀನುಗಾರಿಕೆ ದೋಣಿಗಳು ಸುಟ್ಟುಹೋದವು. ಅದೇ ತಿಂಗಳ 19ರ ರಾತ್ರಿ ವಿಶಾಖಪಟ್ಟಣದ ಮೀನುಗಾರಿಕೆ ಬಂದರಿನಲ್ಲಿ ಮೂವತ್ತಕ್ಕೂ ಹೆಚ್ಚು ದೋಣಿಗಳು ಬೂದಿಯಾದವು. ಎರಡು ಕಡೆಯೂ ದೋಣಿಗಳು ಒತ್ತೊತ್ತಾಗಿ ನಿಂತಿದ್ದವು. ಫೈಬರ್ ಮೈ, ಬಲೆ, ಡೀಸೆಲ್ ಎಲ್ಲವೂ ಬೆಂಕಿಗೆ ಮೇವು. ಒಂದಕ್ಕೆ ಹತ್ತಿದರೆ ಪಕ್ಕದ್ದಕ್ಕೂ ಹತ್ತದೆ ಬಿಡುತ್ತದೆಯೇ?

ಸಣ್ಣ ದೋಣಿಯಲ್ಲಿ ದೊಡ್ಡ ಶತ್ರು ಪೆಟ್ರೋಲಿನ ಆವಿ. ಅದು ಗಾಳಿಗಿಂತ ಭಾರ. ಬೀದಿಯಲ್ಲಿ ಚೆಲ್ಲಿದರೆ ಗಾಳಿಗೆ ಚದುರಿಹೋಗುತ್ತದೆ. ದೋಣಿಯಾದರೋ ಬೋಗುಣಿಯಂತೆ, ಆವಿ ತಳಕ್ಕಿಳಿದು ಅಲ್ಲೇ ಕೂರುತ್ತದೆ. ಎಂಜಿನ್ ಚಾಲೂ ಮಾಡುವಾಗ ಒಂದು ಕಿಡಿ ಹಾರಿದರೂ ಸಾಕು, ಭಗ್ಗೆನ್ನುತ್ತದೆ. ಡೀಸೆಲ್ ಇಷ್ಟು ಸುಲಭವಾಗಿ ಹತ್ತುವುದಿಲ್ಲ. ಆದರೆ ಪೈಪು ಸೋರಿ ಕಾದ ಹೊಗೆ ಕೊಳವೆಯ ಮೇಲೆ ಬಿದ್ದರೆ ಅದೂ ಉರಿಯುತ್ತದೆ.

ಹಾಗಾಗಿ ಪೆಟ್ರೋಲ್ ತುಂಬುವಾಗ ಜನರನ್ನು ಇಳಿಸಬೇಕು, ಎಂಜಿನ್ ನಿಲ್ಲಿಸಬೇಕು, ಬೀಡಿ ಆರಿಸಬೇಕು. ಎತ್ತಬಹುದಾದ ಟ್ಯಾಂಕಾದರೆ ದಡಕ್ಕೆ ತಂದು ನೆಲದ ಮೇಲಿಟ್ಟು ತುಂಬಬೇಕು. ಕಂಠಪೂರ್ತಿ ತುಂಬಬಾರದು, ಬಿಸಿಲಿಗೆ ಎಣ್ಣೆ ಉಬ್ಬುತ್ತದೆ. ಚೆಲ್ಲಿದ್ದನ್ನು ಒರೆಸಿ, ದೋಣಿಯ ತಳಕ್ಕೆ ಮೂಗು ಹಿಡಿದು ನೋಡಬೇಕು. ವಾಸನೆ ಹೋಗುವವರೆಗೆ ಎಂಜಿನ್ ಮುಟ್ಟಬಾರದು.

ಬೆಂಕಿ ಹತ್ತಿದರೆ ಕೆರೆ ನೀರು ಮೊಗೆದು ಸುರಿಯುತ್ತಾರೆ. ಅದೇ ತಪ್ಪು! ಎಣ್ಣೆ ನೀರಿನ ಮೇಲೆ ತೇಲುತ್ತಾ ಬೆಂಕಿಯನ್ನೂ ಹೊತ್ತು ಹರಿಯುತ್ತದೆ. ಮೊದಲು ಎಣ್ಣೆಯ ಬಿರಡೆ ಮುಚ್ಚಬೇಕು. ಆಮೇಲೆ ಒಣ ಪುಡಿಯ ಬೆಂಕಿ ನಂದಿಸುವ ಸಿಲಿಂಡರಿನಿಂದ ಜ್ವಾಲೆಯ ಬುಡಕ್ಕೆ ಹೊಡೆಯಬೇಕು. ಸಣ್ಣ ಸಿಲಿಂಡರ್ ಕೆಲವೇ ಸೆಕೆಂಡಿನಲ್ಲಿ ಖಾಲಿ. ಗಾಬರಿಯಿಂದ ಮೇಲಕ್ಕೆ ಹೊಡೆದರೆ ಅಷ್ಟೂ ದಂಡ. ಅದನ್ನು ಎಂಜಿನ್ ಪಕ್ಕ ಕಟ್ಟಬಾರದು, ಚಾಲಕನ ಕೈಗೆ ಸಿಗುವಂತಿರಬೇಕು. ಮುಳ್ಳು ಹಸಿರಲ್ಲಿದೆಯೇ ನೋಡಬೇಕು. ಅದುರಿ ಅದುರಿ ಪುಡಿ ಗಟ್ಟಿಯಾಗುವುದರಿಂದ ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಲ್ಲಾಡಿಸಬೇಕು.

ಬೆಂಕಿ ಮೀರಿದರೆ ಉಳಿದದ್ದು ನೀರಿಗೆ ಹಾರುವುದೊಂದೇ. ಆಗ ಲೈಫ್ ಜಾಕೆಟ್ ಸೀಟಿನಡಿ ಮೂಟೆ ಕಟ್ಟಿಟ್ಟರೆ ಯಾರಿಗೆ ಬಂತು? ದಡದಲ್ಲೇ ತೊಟ್ಟು ಬಕಲ್ ಹಾಕಬೇಕು. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ದೊಡ್ಡವರದು ತಲೆಯಿಂದ ಜಾರಿಹೋಗುತ್ತದೆ.

ಟಿಕೆಟ್ ಕೊಳ್ಳುವವರು ಮೊದಲು ಎರಡು ಪ್ರಶ್ನೆ ಕೇಳಲಿ: "ಜಾಕೆಟ್ ಎಲ್ಲಿ? ಸಿಲಿಂಡರ್ ಎಲ್ಲಿ?" ಉತ್ತರ ಸಿಗದಿದ್ದರೆ ಆ ದೋಣಿ ಹತ್ತದಿರುವುದೇ ಮೇಲು. ದೋಣಿಗೆ ಪರವಾನಗಿ ಕೊಡುವ ಅಧಿಕಾರಿಗಳೂ ಕಾಗದ ನೋಡಿ ಮೊಹರು ಒತ್ತುವ ಬದಲು ಒಮ್ಮೆ ಸಿಲಿಂಡರಿನ ಮುಳ್ಳು ನೋಡುವರೇ?