ತಿರಸ್ಕೃತ ಪ್ರಬಂಧದ ಮರುರೂಪ: ನಮೂನೆಗೆ ಬಲಿಯಾಗುವ ಆಧಾರ

ಒಂದು ಪತ್ರಿಕೆ ತಿರಸ್ಕರಿಸಿದ ಪ್ರಬಂಧವನ್ನು ಮತ್ತೊಂದರ ನಿಯಮಕ್ಕೆ ಹೊಂದಿಸುವುದು ಬೆರಳಚ್ಚುಗಾರನ ಕೆಲಸವೆಂಬ ನಂಬಿಕೆ ನಮ್ಮ ಸಂಶೋಧನ ವಲಯದಲ್ಲಿ ಬೇರೂರಿದೆ. ಈ ನಂಬಿಕೆ ತಪ್ಪು. ಶಾಸನಾಧಾರಿತ ಬರಹದಲ್ಲಿ ಭಾಗಗಳ ಕ್ರಮ, ಉಲ್ಲೇಖದ ರೀತಿ, ಪದಮಿತಿ ಈ ಮೂರೂ ಪ್ರಮಾಣದ ಅಂಗಗಳೇ ಆಗಿವೆ.

ಹುಕ್ಕೇರಿಯ ಅಧ್ಯಾಪಕನೊಬ್ಬ ತನ್ನದೇ ಜಿಲ್ಲೆಯ ಹಲಸಿಯಲ್ಲಿ ದೊರೆತ, ಕದಂಬ ಯುವರಾಜ ಕಾಕುಸ್ಥವರ್ಮನ ತಾಮ್ರಶಾಸನದ ಮೇಲೆ ಬರೆದನೆಂದು ಭಾವಿಸೋಣ. ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದ ಭೂಮಿಯನ್ನು ದಾನವಿತ್ತ ಈ ಶಾಸನವು ‘ಎಂಬತ್ತನೆಯ ವರ್ಷ’ವನ್ನು ಹೇಳುತ್ತದೆ. ಯುವರಾಜನ ಆಳ್ವಿಕೆಗೆ ಎಂಬತ್ತು ವರ್ಷ ಸಲ್ಲದು. ಆದುದರಿಂದ ಅದು ಕದಂಬ ವಂಶದ ಆರಂಭದಿಂದ ಎಣಿಸಿದುದೇ, ಗುಪ್ತ ಶಕೆಯೇ ಎಂಬ ಚರ್ಚೆ ನಡೆದಿದೆ.

ಮೊದಲ ಪ್ರಬಂಧದಲ್ಲಿ ಪಾಠವೂ ಕಾಲನಿರ್ಣಯವೂ ಒಂದರ ಹಿಂದೊಂದು ಬಂದಿದ್ದವು. ಹೊಸ ಪತ್ರಿಕೆ ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ವಿಭಾಗಗಳನ್ನು ಬೇಡುತ್ತದೆ. ಅವಸರದ ಲೇಖಕ ಪಾಠವನ್ನು ಅನುಬಂಧಕ್ಕೆ ತಳ್ಳಿ, ‘ಐದನೆಯ ಶತಮಾನ’ವೆಂಬುದನ್ನು ಫಲಿತಾಂಶದಲ್ಲಿ ಇಡುತ್ತಾನೆ. ಅಲ್ಲಿಗೆ ಊಹೆಯು ದತ್ತಾಂಶವಾಯಿತು! ಫಲಿತಾಂಶದಲ್ಲಿ ಇರಬೇಕಾದುದು ತಗಡಿನ ಮೇಲಿನ ‘ಎಂಬತ್ತು’ ಮಾತ್ರ. ಅದನ್ನು ಕ್ರಿಸ್ತಶಕಕ್ಕೆ ತಿರುಗಿಸುವ ತರ್ಕವೆಲ್ಲ ಚರ್ಚೆಗೆ ಸೇರಿದ್ದು.

ಉಲ್ಲೇಖದ್ದೂ ಇದೇ ಕಥೆ. ಅಡಿಟಿಪ್ಪಣಿಯನ್ನು ತೆಗೆದು ಲೇಖಕ-ವರ್ಷ ಪದ್ಧತಿಗೆ ಇಳಿಸಿದಾಗ ‘(ಫ್ಲೀಟ್ 1877)’ ಎಂದಷ್ಟೇ ಉಳಿಯುತ್ತದೆ. ಆದರೆ ಜೆ. ಎಫ್. ಫ್ಲೀಟ್ ಆ ವರ್ಷದ ಇಂಡಿಯನ್ ಆಂಟಿಕ್ವರಿಯ ಆರನೆಯ ಸಂಪುಟದಲ್ಲಿ ಹಲಸಿಯ ಹಲವು ಶಾಸನಗಳನ್ನು ಪ್ರಕಟಿಸಿದ್ದಾನೆ. ಯಾಪನೀಯ, ನಿರ್ಗ್ರಂಥ, ಕೂರ್ಚಕರನ್ನು ಹೆಸರಿಸುವ ಮೃಗೇಶವರ್ಮನ ಶಾಸನವೂ ಅವುಗಳಲ್ಲಿದೆ. ಓದುಗ ಯಾವುದನ್ನು ತೆರೆಯಬೇಕು? ಪದ್ಧತಿ ಯಾವುದೇ ಇರಲಿ, ಆವರಣದೊಳಗೆ ಪುಟವೂ ಶಾಸನದ ಕ್ರಮಸಂಖ್ಯೆಯೂ ಸಾಲೂ ಇರಲೇಬೇಕು.

ಪದಮಿತಿಯ ಕತ್ತರಿ ಇನ್ನೂ ಕ್ರೂರ. ಎಂಟು ಸಾವಿರ ಪದ ಐದು ಸಾವಿರಕ್ಕೆ ಇಳಿಯಬೇಕಾದಾಗ ಮೊದಲು ಬೀಳುವುದು ಮೂಲಪಾಠ, ಉಳಿಯುವುದು ಎಲ್ಲರಿಗೂ ಗೊತ್ತಿರುವ ಕದಂಬರ ವಂಶಾವಳಿ. ಗಣಕಯಂತ್ರ ಪದಗಳನ್ನು ಎಣಿಸುವುದು ನಡುವಿನ ತೆರಪಿನಿಂದ. ಸಮಾಸಗಳನ್ನು ಬಿಡಿಸಿದರೆ ಎಣಿಕೆ ಏರುತ್ತದೆ, ಕೂಡಿಸಿದರೆ ಇಳಿಯುತ್ತದೆ. ಮಿತಿಯ ಆಸೆಗೆ ಬಿಡಿಸಿದ ಪಾಠವನ್ನು ಮತ್ತೆ ಕೂಡಿಸುವವನು ತನ್ನ ಓದನ್ನೇ ಅಳಿಸುತ್ತಾನೆ. ಪದವಿಭಾಗವೇ ಅರ್ಥನಿರ್ಣಯದ ಮೊದಲ ಹೆಜ್ಜೆಯಲ್ಲವೇ? ಮೂಲಪಾಠ ಮಿತಿಯೊಳಗೆ ಸೇರುವುದೇ ಎಂದು ಸಂಪಾದಕರನ್ನು ಮೊದಲೇ ಕೇಳಿ, ವಂಶಾವಳಿಯನ್ನು ಒಂದು ವಾಕ್ಯಕ್ಕೆ ಇಳಿಸುವುದು ನ್ಯಾಯವಾದ ದಾರಿ.

ಪತ್ರಿಕೆಗಳಿಗೆ ನಿಯಮ ಬೇಕು, ನಿಜ. ನಿಯಮವಿಲ್ಲದೆ ಸಂಚಿಕೆ ರೂಪುಗೊಳ್ಳದು. ಆದರೆ ಮರುರೂಪ ಪಡೆದ ಪ್ರಬಂಧಕ್ಕೆ ಒಂದೇ ಪರೀಕ್ಷೆ: ಅದರ ಪ್ರತಿಯೊಂದು ನಿರ್ಣಯದಿಂದ ಹಿಂದಕ್ಕೆ ನಡೆದು ತಗಡಿನ ಸಾಲನ್ನು ಮುಟ್ಟಲು ಸಾಧ್ಯವೇ? ಸಾಧ್ಯವಾಗದಿದ್ದರೆ, ಎರಡನೆಯ ಪತ್ರಿಕೆಯ ಸ್ವೀಕಾರ ಮೊದಲನೆಯದರ ತಿರಸ್ಕಾರಕ್ಕಿಂತ ದೊಡ್ಡ ನಷ್ಟ.